ಹೊಸದಾಗಿ ಗ್ಲೂಕೋಮೀಟರ್ ಕೊಂಡ ಮೇಷ್ಟರಿಗೆ ಔಷಧಿ ಅಂಗಡಿಯಿಂದ ಒಂದು ಟಿಪ್ಪಣಿ

ಮೇಷ್ಟ್ರೇ,

ನಿನ್ನೆ ರಾತ್ರಿ ಎಂಟೂವರೆಗೆ ಫೋನ್ ಮಾಡಿ, "286 ತೋರಿಸ್ತಿದೆ ಕಣಯ್ಯ, ಈಗಲೇ ಆಸ್ಪತ್ರೆಗೆ ಹೋಗ್ಬೇಕಾ?" ಅಂದಿರಿ. ಗಾಬರಿಯಾಗಿದೆಯಾ, ತಲೆ ಸುತ್ತುತ್ತಿದೆಯಾ ಅಂತ ಕೇಳಿದೆ, ಏನೂ ಇಲ್ಲ ಅಂದಿರಿ. ಆಮೇಲೆ, ಕೈಯಲ್ಲಿ ಏನು ಹಿಡಿದಿದ್ರಿ ಅಂತ ಕೇಳಿದೆ. ಆಗ ಗೊತ್ತಾಯಿತು, ಹತ್ತು ನಿಮಿಷ ಮೊದಲು ಮೊಮ್ಮಗಳಿಗೆ ಮಾವಿನಹಣ್ಣು ಹೆಚ್ಚಿ ಕೊಟ್ಟಿದ್ದಿರಿ. ಸೋಪು ಹಾಕಿ ಕೈ ತೊಳೆದು, ಒರೆಸಿ, ಬೇರೆ ಬೆರಳಲ್ಲಿ ನೋಡಿದರೆ 171. ಮೀಟರ್ ಸುಳ್ಳು ಹೇಳಿರಲಿಲ್ಲ. ಬೆರಳ ಮೇಲಿದ್ದ ಮಾವಿನ ರಸವನ್ನೂ ನಿಮ್ಮ ರಕ್ತದ ಲೆಕ್ಕಕ್ಕೇ ಸೇರಿಸಿತ್ತು, ಅಷ್ಟೆ.

ಮೊನ್ನೆ ಅಂಗಡಿಯಲ್ಲಿ ನಿಮ್ಮ ಹಿಂದೆ ನಾಲ್ಕು ಜನ ಚೀಟಿ ಹಿಡಿದು ನಿಂತಿದ್ದರು, ನನಗೆ ಸರಿಯಾಗಿ ಹೇಳಿಕೊಡಲು ಆಗಲಿಲ್ಲ. ಅದರ ತಪ್ಪುಕಾಣಿಕೆ ಈ ಟಿಪ್ಪಣಿ. ಫ್ರಿಜ್ ಬಾಗಿಲಿಗೆ ಅಂಟಿಸಿಕೊಳ್ಳಿ. (ಸ್ಟ್ರಿಪ್ ಮಾತ್ರ ಫ್ರಿಜ್ ಒಳಗೆ ಇಡಬೇಡಿ, ಯಾಕೆಂದು ಕೆಳಗೆ ಹೇಳುತ್ತೇನೆ.)

ಮೊದಲು ಮೀಟರ್

ಡಬ್ಬದಲ್ಲಿ ಮೀಟರ್, ಚುಚ್ಚುವ ಪೆನ್ನು, ಲ್ಯಾನ್ಸೆಟ್ ಅನ್ನುವ ಸಣ್ಣ ಸೂಜಿಗಳು ಮತ್ತು ಸ್ಟ್ರಿಪ್ ಇರುವ ಪುಟ್ಟ ಡಬ್ಬಿ ಇವೆ. ಬ್ಯಾಟರಿ ಹಾಕಿದ ಕೂಡಲೇ ದಿನಾಂಕ, ಸಮಯ ಸರಿಮಾಡಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ತಿಂಗಳ ನಂತರ ಡಾಕ್ಟರು ಮೀಟರಿನ ಮೆಮೊರಿ ತೆಗೆದು ನೋಡಿದರೆ ಬೆಳಗಿನ ಅಂಕಿ ರಾತ್ರಿ ಎರಡು ಗಂಟೆಯದಾಗಿ ಕಾಣುತ್ತದೆ, ಇಡೀ ದಾಖಲೆ ವ್ಯರ್ಥ.

ಪರದೆಯ ಮೂಲೆಯಲ್ಲಿ mg/dL ಅಂತ ಇದೆಯೇ ನೋಡಿಕೊಳ್ಳಿ. ನಮ್ಮ ಲ್ಯಾಬುಗಳೂ ಡಾಕ್ಟರುಗಳೂ ಹೇಳುವುದು ಆ ಲೆಕ್ಕದಲ್ಲೇ. ನಿಮ್ಮ ಮಗ ಲಂಡನ್ನಿನಿಂದ ಮೀಟರ್ ತಂದುಕೊಟ್ಟಿದ್ದರೆ ಅದರಲ್ಲಿ mmol/L ಇರುತ್ತಿತ್ತು. ಅಲ್ಲಿಯ 7 ಅಂದರೆ ಇಲ್ಲಿಯ 126, ಅಂದರೆ 18ರಿಂದ ಗುಣಿಸಬೇಕು. ನಾನು ನಿಮಗೆ ಕೊಟ್ಟಿರುವುದಕ್ಕೆ ಕೋಡ್ ಹಾಕುವ ತಾಪತ್ರಯ ಇಲ್ಲ. ಕೆಲವು ಮೀಟರುಗಳಲ್ಲಿ ಸ್ಟ್ರಿಪ್ ಡಬ್ಬಿಯ ಮೇಲಿನ ನಂಬರೂ ಪರದೆಯ ನಂಬರೂ ಒಂದೇ ಇರಬೇಕಾಗುತ್ತದೆ, ಇಲ್ಲದಿದ್ದರೆ ಫಲಿತಾಂಶ ತಪ್ಪುತ್ತದೆ.

ಸ್ಟ್ರಿಪ್: ಖರ್ಚೂ ಇದರದ್ದೇ, ಎಡವಟ್ಟೂ ಇದರದ್ದೇ

ಮೀಟರ್ ಒಂದು ಸಲದ ಖರ್ಚು. ಸ್ಟ್ರಿಪ್ ಮುಗಿದಂತೆಲ್ಲ ಕೊಳ್ಳುತ್ತಲೇ ಇರಬೇಕು. ಒಂದು ಕಂಪನಿಯ ಸ್ಟ್ರಿಪ್ ಇನ್ನೊಂದು ಕಂಪನಿಯ ಮೀಟರಿಗೆ ಆಗುವುದಿಲ್ಲ. ಒಂದೇ ಕಂಪನಿಯಲ್ಲೂ ಮಾಡೆಲ್ ಬೇರೆಯಾದರೆ ಆಗದೇ ಇರಬಹುದು. ಹಾಗಾಗಿ ಅಂಗಡಿಗೆ ಬರುವಾಗ ಖಾಲಿ ಡಬ್ಬಿ ಹಿಡಿದು ಬನ್ನಿ.

ಸ್ಟ್ರಿಪ್ಪಿನ ತುದಿಯಲ್ಲಿ ಒಂದು ಕಿಣ್ವ ಸವರಿರುತ್ತಾರೆ. ರಕ್ತದಲ್ಲಿರುವ ಗ್ಲೂಕೋಸ್ ಅದರ ಜೊತೆ ಪ್ರತಿಕ್ರಿಯಿಸಿದಾಗ ಸಣ್ಣ ವಿದ್ಯುತ್ ಹುಟ್ಟುತ್ತದೆ, ಮೀಟರ್ ಅದನ್ನು ಅಳೆದು ಅಂಕಿಯಾಗಿ ತೋರಿಸುತ್ತದೆ. ಈ ಕಿಣ್ವಕ್ಕೆ ತೇವವೂ ಆಗದು, ಬಿಸಿಯೂ ಆಗದು. ಡಬ್ಬಿಯ ಒಳಗೋಡೆಯಲ್ಲೇ ತೇವ ಹೀರುವ ವಸ್ತು ಇರುತ್ತದೆ. ಅದಕ್ಕೇ ಸ್ಟ್ರಿಪ್ ತೆಗೆದ ಕೂಡಲೇ ಮುಚ್ಚಳ ಟಕ್ಕೆಂದು ಹಾಕಬೇಕು, ನಾಲ್ಕು ಸ್ಟ್ರಿಪ್ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಊರಿಗೆ ಹೋಗಬಾರದು. ಫ್ರಿಜ್ಜಿನಲ್ಲಿಟ್ಟರೆ ಹೊರಗೆ ತೆಗೆದಾಗ ತಂಪಿಗೆ ಬೆವರುತ್ತದೆ, ಆ ನೀರೇ ಸಾಕು ಕೆಡಲು. ಒಲೆ ಪಕ್ಕದ ಗೂಡು, ಕಾರಿನ ಡ್ಯಾಶ್‌ಬೋರ್ಡ್, ಬಚ್ಚಲ ಕಪಾಟು ಬೇಡ. ನಡುಮನೆಯ ಬೀರು ಸಾಕು.

ಡಬ್ಬಿ ತೆರೆದ ದಿನ ಪೆನ್ನಿನಲ್ಲಿ ಅದರ ಮೇಲೆ ತಾರೀಖು ಬರೆಯಿರಿ. ಮುದ್ರಿಸಿರುವ ಎಕ್ಸ್‌ಪೈರಿ ಮುಚ್ಚಿದ ಡಬ್ಬಿಗೆ. ತೆರೆದ ಮೇಲೆ ಕೆಲವು ಸ್ಟ್ರಿಪ್ಪಿಗೆ ಮೂರು ತಿಂಗಳು, ಕೆಲವಕ್ಕೆ ಆರು ತಿಂಗಳು ಆಯಸ್ಸು, ಅದನ್ನು ಲೇಬಲ್ಲಿನಲ್ಲಿ ಬರೆದಿರುತ್ತಾರೆ. ನೀವು ವಾರಕ್ಕೆ ಎರಡು ಮೂರು ಸಲ ನೋಡುವವರಾದರೆ 25ರ ಡಬ್ಬಿಯನ್ನೇ ಕೊಳ್ಳಿ. 50ರದ್ದು ಲೆಕ್ಕಕ್ಕೆ ಅಗ್ಗ ಅನಿಸಿದರೂ, ಮೂರು ತಿಂಗಳ ಆಯಸ್ಸಿನದಾದರೆ ಅರ್ಧದಷ್ಟು ಕೆಟ್ಟುಹೋಗಬಹುದು. ನನ್ನ ವ್ಯಾಪಾರಕ್ಕೆ ನಷ್ಟದ ಮಾತು, ಆದರೂ ಹೇಳುತ್ತಿದ್ದೇನೆ.

ಚುಚ್ಚಿ ನೋಡುವ ಕ್ರಮ

1. ಸೋಪಿನಲ್ಲಿ ಕೈ ತೊಳೆದು ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಕಲ್ಲ ಅಂತ ಕೇಳಿದಿರಿ. ಸ್ಪಿರಿಟ್ಟಿಗೆ ಕ್ರಿಮಿ ಸಾಯಬಹುದು, ಬೆರಳಿಗೆ ಮೆತ್ತಿದ ಹಣ್ಣಿನ ಸಕ್ಕರೆ ಹೋಗುವುದಿಲ್ಲ. ಅದು ಆರುವ ಮೊದಲೇ ಚುಚ್ಚಿದರೆ ಹನಿಗೆ ಬೆರೆತು ಅಂಕಿಯೂ ಏರುಪೇರಾಗುತ್ತದೆ. ನೀರು ಸಿಗದ ಕಡೆ ಇದ್ದರೆ ಮೊದಲ ಹನಿ ಒರೆಸಿ ಎರಡನೆಯದನ್ನು ಬಳಸಿ.

2. ಪೆನ್ನಿಗೆ ಹೊಸ ಲ್ಯಾನ್ಸೆಟ್ ಹಾಕಿ. ಪೆನ್ನಿನ ಮೇಲಿನ ಅಂಕಿ ಎಷ್ಟು ಆಳ ಚುಚ್ಚಬೇಕು ಅನ್ನುವುದಕ್ಕೆ. 2ರಿಂದ ಶುರು ಮಾಡಿ, ಹನಿ ಬರದಿದ್ದರೆ 3. ಸೀಮೆಸುಣ್ಣ ಹಿಡಿದು ದಪ್ಪಗಟ್ಟಿದ ಬೆರಳಾದರೆ 4 ಬೇಕಾಗಬಹುದು.

3. ಸ್ಟ್ರಿಪ್ಪನ್ನು ಮೀಟರಿಗೆ ಸಿಕ್ಕಿಸಿ. ಪರದೆಯಲ್ಲಿ ಹನಿಯ ಚಿತ್ರ ಮಿನುಗುವವರೆಗೆ ಕಾಯಿರಿ.

4. ಮಧ್ಯದ ಬೆರಳು ಅಥವಾ ಉಂಗುರದ ಬೆರಳಿನ ತುದಿಯ ಪಕ್ಕದಲ್ಲಿ ಚುಚ್ಚಿ. ನಡುವಿನ ಮೆತ್ತನೆಯ ಜಾಗದಲ್ಲಿ ನೋವು ಜಾಸ್ತಿ, ಆಮೇಲೆ ಅನ್ನ ಕಲಸುವಾಗಲೂ ಉರಿಯುತ್ತದೆ. ದಿನಕ್ಕೊಂದು ಬೆರಳು ಬದಲಾಯಿಸಿ.

5. ಹನಿ ಬರದಿದ್ದರೆ ಕೈಯನ್ನು ಕೆಳಗೆ ಇಳಿಬಿಟ್ಟು ಬುಡದಿಂದ ತುದಿಯ ಕಡೆಗೆ ಮೆಲ್ಲಗೆ ನೀವಿ. ತುದಿಯನ್ನೇ ಹಿಂಡಬೇಡಿ. ಹಿಂಡಿದರೆ ರಕ್ತದ ಜೊತೆ ಮೈಯ ನೀರೂ ಬಂದು ಹನಿ ತೆಳುವಾಗುತ್ತದೆ.

6. ಸ್ಟ್ರಿಪ್ಪಿನ ತುದಿಯನ್ನು ಹನಿಗೆ ತಾಗಿಸಿ, ಅದೇ ಹೀರಿಕೊಳ್ಳುತ್ತದೆ. ಮೇಲಿನಿಂದ ಸವರಬಾರದು. ರಕ್ತ ಸಾಲದೆ ಎರಡನೇ ಹನಿ ಸೇರಿಸಿ ಪಡೆದ ಅಂಕಿಯನ್ನು ನಂಬಬೇಡಿ, ಹೊಸ ಸ್ಟ್ರಿಪ್ ತೆಗೆಯಿರಿ.

ಲ್ಯಾನ್ಸೆಟ್ ಒಂದು ಸಲಕ್ಕೆ ಒಂದು. ಎರಡನೇ ಸಲಕ್ಕೆ ತುದಿ ಮೊಂಡಾಗುತ್ತದೆ, ನೋವು ಹೆಚ್ಚುತ್ತದೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮೀಟರ್ ಬಂದ ಸುದ್ದಿ ಬೀದಿಗೆ ಗೊತ್ತಾದರೆ, "ನಂಗೂ ಒಂದ್ಸಲ ನೋಡಿ ಮೇಷ್ಟ್ರೇ" ಅಂತ ಬೆರಳು ಚಾಚಿ ಬರುತ್ತಾರೆ. ನಿಮ್ಮ ಪೆನ್ನು ಯಾರಿಗೂ ಕೊಡಬೇಡಿ, ಸೂಜಿ ಬದಲಾಯಿಸಿಯೂ ಕೊಡಬೇಡಿ, ಮನೆಯವರಿಗೂ ಬೇಡ. ಪೆನ್ನಿನ ಬಾಯಿಗೆ ಕಣ್ಣಿಗೆ ಕಾಣದಷ್ಟು ರಕ್ತ ಅಂಟಿರುತ್ತದೆ, ಹೆಪಟೈಟಿಸ್ ಬಿ ಹರಡಲು ಅಷ್ಟು ಸಾಕು. ಬಳಸಿದ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿಡಿ. ಬಾಟಲಿ ತುಂಬಿದ ಮೇಲೆ ಬಿಗಿಯಾಗಿ ಮುಚ್ಚಿ, ಕಸದ ಗಾಡಿಯವರಿಗೆ ಬೇರೆಯಾಗಿ ಹೇಳಿ ಕೊಡಿ. ಬಿಡಿಯಾಗಿ ಚೀಲಕ್ಕೆ ಎಸೆದರೆ ಅದು ಚುಚ್ಚುವುದು ಅವರ ಕೈಗೆ.

ಆ ಅಂಕಿ ಎಷ್ಟು ನಿಜ?

"ಒಂದೇ ಬೆರಳಲ್ಲಿ ಎರಡು ಸಲ ನೋಡಿದ್ರೆ 171, 160. ಮೀಟರ್ ಕೆಟ್ಟಿದೆಯಾ?" ಅಂದಿರಿ. ಕೆಟ್ಟಿಲ್ಲ. ಈ ಮೀಟರುಗಳಿಗೆ ಐಎಸ್‌ಒ 15197 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. 2013ರ ಆವೃತ್ತಿಯ ಪ್ರಕಾರ 100 ಅಥವಾ ಅದಕ್ಕಿಂತ ಮೇಲಿನ ಅಂಕಿಗಳಲ್ಲಿ ಲ್ಯಾಬ್ ಫಲಿತಾಂಶಕ್ಕಿಂತ ಶೇಕಡಾ 15ರಷ್ಟು ಆಚೀಚೆ ಇರಬಹುದು. 100ಕ್ಕಿಂತ ಕೆಳಗಾದರೆ 15 ಅಂಕಿಯಷ್ಟು ಆಚೀಚೆ. ನೂರು ಸಲದಲ್ಲಿ 95 ಸಲ ಈ ಮಿತಿಯೊಳಗಿದ್ದರೆ ಮೀಟರ್ ಪಾಸು. ಅಂದರೆ ಲ್ಯಾಬಿನಲ್ಲಿ 150 ಬಂದ ಹೊತ್ತಿಗೆ ನಿಮ್ಮ ಮೀಟರ್ 128ರಿಂದ 172ರವರೆಗೆ ಏನು ತೋರಿಸಿದರೂ ಅದು ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಹಾಗಾಗಿ ನಿನ್ನೆ 171, ಇವತ್ತು 160 ಆದರೆ ಕಡಿಮೆಯಾಯಿತು ಅಂತ ಹೋಳಿಗೆ ತಿನ್ನುವಂತೆಯೂ ಇಲ್ಲ, 180 ಆದರೆ ಏರಿತು ಅಂತ ಊಟ ಬಿಡುವಂತೆಯೂ ಇಲ್ಲ.

ಮೀಟರನ್ನು ಪರೀಕ್ಷಿಸಬೇಕು ಅನಿಸಿದರೆ ಮುಂದಿನ ಸಲ ಲ್ಯಾಬಿಗೆ ಖಾಲಿ ಹೊಟ್ಟೆಯ ರಕ್ತ ಕೊಡಲು ಹೋಗುವಾಗ ಮೀಟರ್ ಒಯ್ಯಿರಿ. ಅವರು ತೋಳಿನಿಂದ ರಕ್ತ ತೆಗೆದ ಐದು ನಿಮಿಷದೊಳಗೆ ನೀವು ಬೆರಳಲ್ಲಿ ನೋಡಿ ಬರೆದುಕೊಳ್ಳಿ. ಊಟದ ನಂತರದ ರಕ್ತದಲ್ಲಿ ಈ ಹೋಲಿಕೆ ಬೇಡ. ಉಂಡ ಮೇಲೆ ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ತೋಳಿನ ರಕ್ತಕ್ಕಿಂತ ಸಹಜವಾಗಿಯೇ ಹೆಚ್ಚಿರುತ್ತದೆ. ರಕ್ತಹೀನತೆ ಇರುವವರಲ್ಲೂ ಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಮನೆಯಲ್ಲಿ ಅಮ್ಮನವರಿಗೆ ಹಿಮೋಗ್ಲೋಬಿನ್ ಕಡಿಮೆ ಅಂದಿದ್ದಿರಿ, ಅವರಿಗೆ ಲ್ಯಾಬಿನ ಪರೀಕ್ಷೆಯೇ ಸರಿ. ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಅನ್ನುವುದನ್ನು ಮೀಟರಿನಿಂದ ತೀರ್ಮಾನಿಸಲು ಯಾರಿಗೂ ಆಗುವುದಿಲ್ಲ.

ಮೊದಲ ವಾರ ಯಾವಾಗ ನೋಡಬೇಕು

ಮನಸ್ಸಿಗೆ ಬಂದಾಗಲೆಲ್ಲ ಚುಚ್ಚಿಕೊಂಡರೆ ಬೆರಳು ನೋಯುತ್ತದೆಯೇ ಹೊರತು ಏನೂ ತಿಳಿಯುವುದಿಲ್ಲ. ಅಂಕಿಯ ಪಕ್ಕದಲ್ಲಿ ಹೊತ್ತು, ತಿಂದದ್ದು, ನುಂಗಿದ ಮಾತ್ರೆ ಇದ್ದರೆ ಮಾತ್ರ ಅದಕ್ಕೆ ಅರ್ಥ. ಊಟಕ್ಕೆ ಮುಂಚೆ ಒಂದು, ಅದೇ ಊಟದ ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು, ಹೀಗೆ ಜೋಡಿಯಾಗಿ ನೋಡಿ. ಎರಡು ಗಂಟೆಯನ್ನು ಎಣಿಸಬೇಕಾದದ್ದು ಕೈ ತೊಳೆದ ಹೊತ್ತಿನಿಂದಲ್ಲ, ಮೊದಲ ತುತ್ತಿನಿಂದ.

ಹೊಲಿಗೆ ಕೆಲಸದ ಒಬ್ಬ ಹೆಣ್ಣುಮಗಳು ತನ್ನ ಮೊದಲ ವಾರದ ಪುಸ್ತಕ ತಂದು ತೋರಿಸಿದ್ದಳು. ಹತ್ತೇ ಸ್ಟ್ರಿಪ್ಪಿನಲ್ಲಿ ಎಷ್ಟು ಗೊತ್ತಾಯಿತು ನೋಡಿ:

ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆ: 148
ಮಂಗಳವಾರ ತಿಂಡಿಗೆ ಮುಂಚೆ 142, ನಾಲ್ಕು ಇಡ್ಲಿ ಸಾಂಬಾರ್ ಆಗಿ ಎರಡು ಗಂಟೆಗೆ 236
ಬುಧವಾರ ಮಧ್ಯಾಹ್ನ ಊಟಕ್ಕೆ ಮುಂಚೆ 118, ಒಂದು ಮುದ್ದೆ, ಸೊಪ್ಪಿನ ಸಾರು ಆದ ಮೇಲೆ 164
ಗುರುವಾರ ರಾತ್ರಿ ಊಟಕ್ಕೆ ಮುಂಚೆ 131, ಅನ್ನ ಸಾರು ಆದ ಮೇಲೆ 212
ಶುಕ್ರವಾರ ಬೆಳಿಗ್ಗೆ ಖಾಲಿ ಹೊಟ್ಟೆ: 151
ಶನಿವಾರ ತಿಂಡಿಗೆ ಮುಂಚೆ 139, ಎರಡು ಇಡ್ಲಿ, ಹೆಸರುಕಾಳು ಉಸಲಿ ಆದ ಮೇಲೆ 178

ಮಧುಮೇಹಿಗಳಿಗೆ ಸಾಮಾನ್ಯವಾಗಿ ಹೇಳುವ ಗುರಿ ಊಟಕ್ಕೆ ಮುಂಚೆ 80ರಿಂದ 130, ಊಟದ ನಂತರ 180ರ ಕೆಳಗೆ. ವಯಸ್ಸು, ಹೃದಯ, ಕಿಡ್ನಿ ನೋಡಿ ಡಾಕ್ಟರು ಇದನ್ನು ಸಡಿಲಿಸುತ್ತಾರೆ ಅಥವಾ ಬಿಗಿ ಮಾಡುತ್ತಾರೆ. ನಿಮ್ಮ ಗುರಿ ಯಾವುದೆಂದು ಅವರನ್ನೇ ಕೇಳಿ ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ. ಆ ಹೆಣ್ಣುಮಗಳಲ್ಲಿ ನಾಲ್ಕು ಇಡ್ಲಿಗೆ 94 ಅಂಕಿ ಏರಿತ್ತು, ಎರಡು ಇಡ್ಲಿ ಕಾಳಿನ ಜೊತೆ ತಿಂದಾಗ 39. ಒಂದೊಂದೇ ದಿನದ ಲೆಕ್ಕ, ಮೀಟರಿನ ಏರುಪೇರಿಗೂ ಜಾಗ ಬಿಟ್ಟು ನೋಡಬೇಕು. ಅದಕ್ಕೆ ಮುಂದಿನ ವಾರ ಮತ್ತೆ ಎರಡು ಸಲ ನೋಡು ಅಂದೆ. ಅವಳು ನೋಡಿದಳು, ಹಾಗೇ ಬಂತು. ಮುದ್ದೆಯನ್ನು ಹೊಗಳಲು ಇದನ್ನು ಹೇಳಿದ್ದಲ್ಲ. ದೊಡ್ಡ ಮುದ್ದೆ ಎರಡು ಉಂಡರೆ ಅದೂ ಏರಿಸುತ್ತದೆ.

ಬೆಳಗಿನ ಅಂಕಿಯ ಬಗ್ಗೆ ಒಂದು ಮಾತು. ರಾತ್ರಿ ಊಟವನ್ನೇ ಬಿಟ್ಟರೂ ಬೆಳಿಗ್ಗೆ ಜಾಸ್ತಿ ಬಂತು ಅಂತ ಜನ ಬೇಸರಪಡುತ್ತಾರೆ. ನಸುಕಿನಲ್ಲಿ ಏಳುವ ಹೊತ್ತಿಗೆ ದೇಹದ ಕೆಲವು ಹಾರ್ಮೋನುಗಳು ಏರಿ, ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಊಟ ಬಿಟ್ಟು ಅದನ್ನು ನಿಲ್ಲಿಸಲು ಆಗುವುದಿಲ್ಲ. ಬೆಳಗಿನ ಅಂಕಿ ಸತತವಾಗಿ ಹೆಚ್ಚಿದ್ದರೆ ಮಾತ್ರೆಯ ವಿಷಯ, ಅದು ಡಾಕ್ಟರ ಕೆಲಸ. ಮಾತ್ರೆಯನ್ನು ನೀವು ಅರ್ಧ ಮಾಡಬೇಡಿ, ಎರಡು ಮಾಡಬೇಡಿ. ನನ್ನನ್ನು ಕೇಳಿದರೂ ನಾನು ಹೇಳುವುದಿಲ್ಲ, ಹೇಳುವ ಅಧಿಕಾರ ನನಗಿಲ್ಲ.

ಮೊದಲ ವಾರ ಮುಗಿದ ಮೇಲೆ ನಿಮ್ಮಂತೆ ಮಾತ್ರೆ ಮಾತ್ರ ತೆಗೆದುಕೊಳ್ಳುವವರಿಗೆ ದಿನವೂ ನೋಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ವಾರಕ್ಕೆ ಒಂದು ಜೋಡಿ, ಡಾಕ್ಟರ ಬಳಿ ಹೋಗುವ ಮುಂಚಿನ ಮೂರು ದಿನ ಬೆಳಿಗ್ಗೆಯೊಂದು, ಊಟದ ನಂತರದ್ದೊಂದು ಸಾಕು. ಇನ್ಸುಲಿನ್ ಹಾಕಿಕೊಳ್ಳುವವರ ಲೆಕ್ಕವೇ ಬೇರೆ.

ಲೋ ಶುಗರ್: ಹೆಚ್ಚು ಹೆದರಬೇಕಾದದ್ದು ಇದಕ್ಕೆ

286 ನೋಡಿ ನೀವು ಗಾಬರಿಯಾದಿರಿ. ನನಗೆ ಗಾಬರಿಯಾಗುವುದು 58 ಕೇಳಿದಾಗ. ನಿಮ್ಮ ಚೀಟಿಯಲ್ಲಿ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಇದೆ. ಮೆಟ್‌ಫಾರ್ಮಿನ್ ಒಂದೇ ಇದ್ದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಗ್ಲಿಮೆಪಿರೈಡ್ ಮೇದೋಜೀರಕಾಂಗದಿಂದ ಇನ್ಸುಲಿನ್ ಹೊರಡಿಸುತ್ತದೆ, ನೀವು ಉಂಡಿದ್ದೀರೋ ಇಲ್ಲವೋ ನೋಡುವುದಿಲ್ಲ. ಮಾತ್ರೆ ನುಂಗಿ, ದೇವಸ್ಥಾನಕ್ಕೆ ನಡೆದು ಹೋಗಿ, ಅಲ್ಲಿ ಯಾರೋ ಸಿಕ್ಕಿ ತಿಂಡಿ ಹತ್ತು ಗಂಟೆಗಾದರೆ ಶುಗರ್ ಕೆಳಗಿಳಿಯುತ್ತದೆ. ಶನಿವಾರದ ಒಪ್ಪತ್ತಿನ ವಿಷಯ ಡಾಕ್ಟರಿಗೆ ಹೇಳಿದ್ದೀರಾ? ಹೇಳಿರದಿದ್ದರೆ ಈ ಶನಿವಾರಕ್ಕೆ ಮುಂಚೆಯೇ ಕೇಳಿ.

70ಕ್ಕಿಂತ ಕೆಳಗೆ ಬಂದರೆ ಅದು ಲೋ. ಕೈ ನಡುಕ, ತಣ್ಣನೆಯ ಬೆವರು, ಎದೆ ಬಡಿತ, ಹಠಾತ್ ಹಸಿವು, ಕಾರಣವಿಲ್ಲದ ಸಿಡುಕು ಇದರ ಗುರುತು. ನಿಮ್ಮ ಬಿಪಿಗೆ ಮೆಟೊಪ್ರೊಲೊಲ್ ಇರುವುದರಿಂದ ಎದೆ ಬಡಿತ ಗೊತ್ತಾಗದೇ ಹೋಗಬಹುದು, ಬೆವರನ್ನು ಗಮನಿಸಿ. ಆಗ ಹೀಗೆ ಮಾಡಿ. ಮೂರು ನಾಲ್ಕು ಚಹಾ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ, ಅಂದರೆ ಸುಮಾರು 15 ಗ್ರಾಂ, ನೀರಿಗೆ ಕಲಸಿ ಕುಡಿಯಿರಿ. ಹದಿನೈದು ನಿಮಿಷ ಕಾದು ಮತ್ತೆ ನೋಡಿ. ಇನ್ನೂ 70ರ ಕೆಳಗಿದ್ದರೆ ಇನ್ನೊಮ್ಮೆ ಅಷ್ಟೇ. ಮೇಲೆ ಬಂದ ನಂತರ ಊಟದ ಹೊತ್ತು ದೂರವಿದ್ದರೆ ಏನಾದರೂ ತಿನ್ನಿ, ಏಕೆಂದರೆ ಗ್ಲಿಮೆಪಿರೈಡಿನ ಪ್ರಭಾವ ಗಂಟೆಗಟ್ಟಲೆ ಇದ್ದು ಮತ್ತೆ ಎಳೆಯಬಹುದು. ಚಾಕೊಲೇಟ್, ಲಾಡು ಬೇಡ, ಅದರಲ್ಲಿನ ಕೊಬ್ಬು ಸಕ್ಕರೆಯನ್ನು ನಿಧಾನ ಮಾಡುತ್ತದೆ. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ, ಮೊದಲು ಕುಡಿಯಿರಿ.

ಮುಂದೆ ಎಂದಾದರೂ ನಿಮ್ಮ ಚೀಟಿಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದರೆ ಲೋ ಆದಾಗ ಸಕ್ಕರೆ ನಂಬಬೇಡಿ. ಸಕ್ಕರೆಯನ್ನು ಒಡೆದು ರಕ್ತಕ್ಕೆ ಸೇರಿಸುವ ಕೆಲಸವನ್ನೇ ಆ ಮಾತ್ರೆಗಳು ತಡೆಹಿಡಿಯುತ್ತವೆ. ಆಗ ಗ್ಲೂಕೋಸ್ ಪುಡಿಯೇ ಬೇಕು. ಒಂದು ಸಣ್ಣ ಪ್ಯಾಕೆಟ್ ಈಗಲೇ ಕೊಂಡಿಟ್ಟರೆ ಒಳ್ಳೆಯದು.

ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು, ಸಕ್ಕರೆ ಏನನ್ನೂ ಹಾಕಬಾರದು, ಶ್ವಾಸಕ್ಕೆ ಹೋಗುತ್ತದೆ. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಈ ಒಂದು ಪ್ಯಾರಾ ಅಮ್ಮನವರಿಗೆ ಓದಿ ಹೇಳಿ, ಆ ಹೊತ್ತಿನಲ್ಲಿ ನೆನಪಿಟ್ಟುಕೊಳ್ಳಬೇಕಾದವರು ಅವರು.

ಡಾಕ್ಟರಿಗೆ ಯಾವಾಗ ಫೋನ್ ಮಾಡಬೇಕು

ಒಂದೆರಡು ದಿನದಲ್ಲಿ ತೋರಿಸಬೇಕಾದದ್ದು: ಬೆಳಗಿನ ಖಾಲಿ ಹೊಟ್ಟೆಯ ಅಂಕಿ ಮೂರು ದಿನ ಸತತ 200 ದಾಟಿದರೆ, ಅಥವಾ ಕಾರಣ ಗೊತ್ತಿಲ್ಲದೆ 70ರ ಕೆಳಗೆ ಬಂದರೆ. ಮಂಡಿ ನೋವಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡ ಮೇಲೆ ಕೆಲವು ದಿನ ಅಂಕಿ ಜಿಗಿಯುವುದುಂಟು, ಇಂಜೆಕ್ಷನ್ ಕೊಟ್ಟ ಡಾಕ್ಟರಿಗೆ ಮೊದಲೇ ಶುಗರ್ ಇದೆ ಅನ್ನಿ.

ಅದೇ ದಿನ ಫೋನ್ ಮಾಡಬೇಕಾದದ್ದು: ತೊಳೆದ ಕೈಯಲ್ಲಿ, ಕೆಲವು ಗಂಟೆ ಬಿಟ್ಟು ಎರಡು ಸಲ ನೋಡಿದರೂ 300ರ ಮೇಲಿದ್ದರೆ. 54ರ ಕೆಳಗೆ ಒಂದೇ ಸಲ ಇಳಿದಿದ್ದರೂ, ಸಕ್ಕರೆ ಕುಡಿದು ಸರಿಯಾದ ಮೇಲೆ ಫೋನ್ ಮಾಡಿ. ಜ್ವರ, ವಾಂತಿ, ಭೇದಿಯಿಂದ ಊಟ ಸೇರದೆ ಇದ್ದರೆ ಮಾತ್ರೆಯನ್ನು ಹೇಗೆ ತೆಗೆದುಕೊಳ್ಳಬೇಕೆಂದು ಆ ದಿನವೇ ಕೇಳಬೇಕು. ಆ ದಿನಗಳಲ್ಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಶುಗರ್ ನೋಡಿ.

ಫೋನ್ ಮಾಡದೆ ನೇರ ಆಸ್ಪತ್ರೆಗೆ: 250ರ ಮೇಲಿದ್ದು ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು, ಬಾಯಲ್ಲಿ ಹಣ್ಣಿನಂಥ ವಾಸನೆ ಅಥವಾ ಮಂಪರು ಇದ್ದರೆ. ಪರದೆಯಲ್ಲಿ HI ಬಂದರೆ ಅದು ನಮಸ್ಕಾರ ಅಲ್ಲ ಮೇಷ್ಟ್ರೇ, ಶುಗರ್ ಮೀಟರಿನ ಅಳತೆಯನ್ನೇ ಮೀರಿದೆ ಎಂದರ್ಥ. ಬಹುತೇಕ ಮೀಟರುಗಳಲ್ಲಿ ಅದು 600ರ ಮೇಲೆ. ಕೈ ತೊಳೆದು ಒಮ್ಮೆ ಮಾತ್ರ ಮತ್ತೆ ನೋಡಿ, ಮತ್ತೂ ಬಂದರೆ ಹೊರಡಿ. LO ಅಂದರೆ ಅಳತೆಗೂ ಸಿಗದಷ್ಟು ಕಡಿಮೆ. ಎಚ್ಚರ ಇದ್ದರೆ ಮೊದಲು ಸಕ್ಕರೆ ನೀರು, ಆಮೇಲೆ ಆಸ್ಪತ್ರೆ. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನುಂಗುವವರಲ್ಲಿ ಅಂಕಿ 200ರ ಆಸುಪಾಸಿನಲ್ಲಿದ್ದರೂ ಮೇಲೆ ಹೇಳಿದ ವಾಂತಿ, ಏದುಸಿರಿನ ಅಪಾಯ ಬರಬಹುದು. ಅವರು ವಾಂತಿ, ಏದುಸಿರು ಇದ್ದರೆ ಅಂಕಿ ನೋಡಿ ಸಮಾಧಾನಪಟ್ಟುಕೊಳ್ಳಬಾರದು. ನಿಮ್ಮ ಚೀಟಿಯಲ್ಲಿ ಸದ್ಯಕ್ಕೆ ಅದಿಲ್ಲ.

ಪುಸ್ತಕದಲ್ಲಿ ನಿನ್ನೆಯ 286ನ್ನು ಅಳಿಸಬೇಡಿ. ಪಕ್ಕದಲ್ಲಿ "ಮಾವಿನ ಕೈ" ಅಂತ ಬರೆದಿಡಿ. ನಾಳೆ ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು, ಎರಡು ಗಂಟೆಗೆ ಇನ್ನೊಂದು ನೋಡಿ. ಅಂಗಡಿ ಎಂಟೂವರೆಗೆ ತೆಗೆಯುತ್ತೇನೆ.